ಅನಂತ ಚತುರ್ದಶಿಗೆ ರಜೆ, ಊರಿನ ಸಾಮಾನೂ ತಡ: ಗಿರಾಕಿಗಳಿಗೆ ಹೇಗೆ ಬರೆಯಲಿ?

ಚೆಂಬೂರು ಕಡುಬು (ಶನಿವಾರ, 19 ಸೆಪ್ಟೆಂಬರ್, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು, ಚೆಂಬೂರಿನಲ್ಲಿ ಹದಿನೆಂಟು ವರ್ಷ ಆಯಿತು. ಮನೆಯಿಂದಲೇ ಇಡ್ಲಿ, ದೋಸೆ ಹಿಟ್ಟು ಮಾಡಿ ಕೊಡುತ್ತೇನೆ. ಶನಿವಾರ ಕೊಟ್ಟೆ ಕಡುಬು. ಪ್ರತಿ ಬುಧವಾರ ಉಡುಪಿ ಬಸ್ಸಿನಲ್ಲಿ ಸೌತೆ, ಕೆಸುವಿನ ಎಲೆ, ಕುಚ್ಚಲಕ್ಕಿ ಬರುತ್ತದೆ, ಅದನ್ನೂ ಮನೆಮನೆಗೆ ಕೊಡುತ್ತೇನೆ. ತಲುಪಿಸಲು ಇಬ್ಬರು ಹುಡುಗರಿದ್ದಾರೆ.

ಈಗ ವಿಷಯ. ಬರುವ ಶುಕ್ರವಾರ ಗಣಪತಿ ವಿಸರ್ಜನೆ. ಹುಡುಗರಿಬ್ಬರೂ ಮಂಡಳದವರು, ಆ ದಿನ ಸಿಗುವುದಿಲ್ಲ. ಸಿಕ್ಕಿದರೂ ರಸ್ತೆ ಬಂದ್. ಅದರ ಮೇಲೆ ಬಸ್ಸಿನವರು ಈ ವಾರ ಮಂಗಳವಾರ ರಾತ್ರಿ ಪಾರ್ಸೆಲ್ ಹಾಕಿಕೊಳ್ಳುವುದಿಲ್ಲ, ಶುಕ್ರವಾರ ರಾತ್ರಿ ಹಾಕುತ್ತೇವೆ ಅಂದರು. ಅಂದರೆ ಊರಿನ ಸಾಮಾನು ಬರೋದು ಶನಿವಾರ.

ಇದನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಮಿಗೂ ಹಾಕಬೇಕು. ಬರೆದಿದ್ದು ಇಷ್ಟು:

> ಆತ್ಮೀಯ ಗ್ರಾಹಕರ ಗಮನಕ್ಕೆ. ಅನಿವಾರ್ಯ ಕಾರಣಗಳಿಂದ ನಮ್ಮ ಸೇವೆಯನ್ನು ಸೆಪ್ಟೆಂಬರ್ 25, ಗುರುವಾರದವರೆಗೆ ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ. ಊರಿನ ಸಾಮಾನುಗಳು ತಡವಾಗುವ ಸಾಧ್ಯತೆ ಇರುತ್ತದೆ. ಆದಷ್ಟು ಬೇಗ ಸೇವೆ ಪುನರಾರಂಭಿಸಲಾಗುವುದು. ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸಹಕರಿಸಿ.

ಹೋದ ವರ್ಷವೂ ಸುಮಾರು ಹೀಗೇ ಬರೆದಿದ್ದೆ. ಎರಡು ದಿನ ಫೋನ್ ಎತ್ತಿ ಎತ್ತಿ ಸಾಕಾಯಿತು. ಎಲ್ಲಿ ತಪ್ಪಿದೆ ಹೇಳಿ.

ಘಾಟ್ಕೋಪರ್ ಮಾಮಿ

ಹಬ್ಬದ ದಿನ ಬಾಗಿಲು ಹಾಕಿದರೆ ಏನೂ ದೋಷ ಇಲ್ಲ ಮಗಾ. ನಮ್ಮ ಯಜಮಾನರು ಇದ್ದಾಗ ಚೌತಿಗೆ ಎರಡು ದಿನ, ಚತುರ್ದಶಿಗೆ ಒಂದು ದಿನ ಅಂಗಡಿ ತೆಗೆಯುತ್ತಲೇ ಇರಲಿಲ್ಲ. ಧೈರ್ಯವಾಗಿ ಮುಚ್ಚು.

ಚೆಂಬೂರು ಕಡುಬು

ಮಾಮಿ, ಮುಚ್ಚೋದು ಗಟ್ಟಿ. ಅದನ್ನು ಹೇಗೆ ಬರೆಯೋದು ಅಂತ ಕೇಳಿದ್ದು 🙂

ಹಳೇ ಡಿಸ್ಪ್ಯಾಚ್

ಅಕ್ಕ, ಮೊದಲು ಒಂದು ಮಾತು. ಈ ವರ್ಷ ಸೆಪ್ಟೆಂಬರ್ 25 ಗುರುವಾರ ಅಲ್ಲ, ಶುಕ್ರವಾರ. ಹೋದ ವರ್ಷ ಗುರುವಾರ ಆಗಿತ್ತು. ಎಲ್ಲಿ ನೋಡಿ ಬರೆದಿರಿ?

ಚೆಂಬೂರು ಕಡುಬು

ಅಯ್ಯೋ ದೇವರೇ. ಅಡುಗೆಮನೆ ಗೋಡೆಯ ಮೇಲೆ ಇನ್ನೂ ಹೋದ ವರ್ಷದ ಕ್ಯಾಲೆಂಡರ್ ನೇತಾಡುತ್ತಿದೆ. ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಇದೆ ಅಂತ ತೆಗೆದಿರಲಿಲ್ಲ.

ಹಳೇ ಡಿಸ್ಪ್ಯಾಚ್

ಅದಕ್ಕೇ ತಾರೀಕು, ವಾರ ಎರಡನ್ನೂ ಬರೆಯಬೇಕು ಅನ್ನೋದು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ನೀವು ಬರೀ 'ಗುರುವಾರ' ಅಂತ ಬರೆದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಬರೀ 25 ಅಂತ ಬರೆದಿದ್ದರೆ ಅರ್ಧ ಜನ ಕ್ಯಾಲೆಂಡರ್ ತೆಗೆಯುವ ಕಷ್ಟ ತಗೊಳ್ಳುತ್ತಲೇ ಇರಲಿಲ್ಲ, ನೇರ ಫೋನ್ ಮಾಡುತ್ತಿದ್ದರು.

ನಾನು ಅಂಧೇರಿಯಲ್ಲಿ ಒಂದು ಕೊರಿಯರ್ ಕಂಪನಿಯ ಡಿಸ್ಪ್ಯಾಚ್‌ನಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಹಬ್ಬದ ನೋಟಿಸ್ ಬರೆಯೋದು ನನ್ನದೇ ಕೆಲಸವಾಗಿತ್ತು. ನಿಮ್ಮ ಬರಹದಲ್ಲಿ ಫೋನ್ ತರಿಸುವ ಜಾಗ ಮೂರಿವೆ.

ಮೊದಲನೆಯದು 'ವರೆಗೆ'. "25ರವರೆಗೆ ರಜೆ" ಅಂದರೆ 25ನೇ ತಾರೀಕು ರಜೆಯೋ, ಅಲ್ಲವೋ? ಬರೆದವರಿಗೆ ಗೊತ್ತು, ಓದಿದವರಿಗೆ ಗೊತ್ತಿಲ್ಲ. ಕನ್ನಡದಲ್ಲಿ ಈ ಪದ ಎರಡೂ ಕಡೆಗೆ ವಾಲುತ್ತದೆ. ಹಾಗಾಗಿ ಮುಚ್ಚುವ ದಿನ ಒಂದೇ ಬರೆದು ಬಿಡಬೇಡಿ. ಯಾವ ದಿನ, ಎಷ್ಟು ಗಂಟೆಗೆ ಮತ್ತೆ ಶುರು ಅಂತ ಬರೆಯಿರಿ. ಶುರುವಾಗುವ ಹೊತ್ತು ಗೊತ್ತಾದರೆ 'ವರೆಗೆ' ಬೇಕೇ ಆಗುವುದಿಲ್ಲ.

ಎರಡನೆಯದು 'ಆದಷ್ಟು ಬೇಗ'. ಇದನ್ನು ಓದಿದವನಿಗೆ ಕೈಗೆ ಏನೂ ಸಿಗುವುದಿಲ್ಲ. ಅವನಿಗೆ ಭಾನುವಾರ ಮನೆಯಲ್ಲಿ ಪತ್ರೊಡೆ ಮಾಡಬೇಕು. ಎಲೆ ಬರುತ್ತದೋ ಇಲ್ಲವೋ ಅಷ್ಟೇ ಬೇಕು.

ಮೂರನೆಯದು ನೀವು ಬರೆಯದೇ ಬಿಟ್ಟಿದ್ದು. ಈಗಾಗಲೇ ಆರ್ಡರ್ ಕೊಟ್ಟವರ ಗತಿ ಏನು? ಶುಕ್ರವಾರಕ್ಕೆ ಎಷ್ಟು ಆರ್ಡರ್ ಇದೆ?

ಚೆಂಬೂರು ಕಡುಬು

ಶುಕ್ರವಾರಕ್ಕೆ 14. ಅದರಲ್ಲಿ 9 ಜನ ಹಣ ಕಳಿಸಿ ಆಗಿದೆ. ಊರಿನ ಸಾಮಾನಿಗೆ ಬೇರೆ 11 ಇದೆ.

ಮಾಟುಂಗಾ ಎಲೆಯಂಗಡಿ

ಮಾರಾಯ್ರೆ, 'ಅನಿವಾರ್ಯ ಕಾರಣ' ಅಂತ ಮಾತ್ರ ಬರೆಯಬೇಡಿ. ನಾನು ಒಮ್ಮೆ ಅಂಗಡಿಯ ಶಟರ್ ಮೇಲೆ ಹಾಗೆ ಬರೆದು ಊರಿಗೆ ಹೋಗಿದ್ದೆ. ನನ್ನ ತಂಗಿಯ ಮಗಳ ಮದುವೆ ಇತ್ತು, ಅಷ್ಟೇ. ವಾಪಸ್ ಬಂದಾಗ ಎದುರಿನ ಹೂವಿನವಳು "ಯಾರು ಹೋದ್ರು ಅಣ್ಣಾ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದಳು. ನನ್ನ ಅಮ್ಮ ಊರಲ್ಲಿ ಗಟ್ಟಿಮುಟ್ಟಾಗಿ ಇದ್ದಾರೆ, ಇಲ್ಲಿ ಅವರಿಗೆ ಆಗಲೇ ಹನ್ನೊಂದನೇ ದಿನ ಮಾಡಿ ಮುಗಿಸಿದ್ದರು.

ಪುಣೆ ಪೋಸ್ಟರ್

ಅಕ್ಕ, ಇಷ್ಟೆಲ್ಲ ಯಾರೂ ಓದುವುದಿಲ್ಲ. ನಾನು ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ, ಸೈಡಲ್ಲಿ ಡಿಸೈನ್ ಮಾಡುತ್ತೇನೆ. ಒಂದು ಚೆಂದದ ಚಿತ್ರ ಮಾಡಿ, ಗಣಪತಿ ಹಾಕಿ, ಎಲ್ಲ ವಿವರ ಚಿತ್ರದ ಮೇಲೇ ಬರೆದುಬಿಡಿ. ಕ್ಯಾಪ್ಶನ್‌ನಲ್ಲಿ 'ಗಣಪತಿ ಬಪ್ಪಾ ಮೋರ್ಯಾ' ಅಷ್ಟೇ ಸಾಕು. ಬೇಕಾದರೆ ನಾನೇ ಮಾಡಿ ಕೊಡುತ್ತೇನೆ.

ಹಳೇ ಡಿಸ್ಪ್ಯಾಚ್

ತಮ್ಮಾ, ಅರ್ಧ ಸರಿ ಹೇಳಿದೆ. ಚಿತ್ರದ ಮೇಲೆ ತಾರೀಕು ಇರಲೇಬೇಕು, ಯಾಕೆಂದರೆ ಯಾರೋ ಫಾರ್ವರ್ಡ್ ಮಾಡುವಾಗ ಕೆಳಗಿನ ಬರಹ ತೆಗೆದುಬಿಟ್ಟರೆ ಚಿತ್ರ ಒಂದೇ ಊರೆಲ್ಲ ತಿರುಗುತ್ತದೆ. ಆದರೆ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಮೇಲೆ ಕ್ಯಾಪ್ಶನ್ ತಿದ್ದಬಹುದು, ಚಿತ್ರದ ಮೇಲಿನ ಅಕ್ಷರ ತಿದ್ದಲು ಆಗುವುದಿಲ್ಲ. ಬಸ್ಸು ಶನಿವಾರದ ಬದಲು ಭಾನುವಾರ ಬಂದರೆ ಅಕ್ಕ ಏನು ಮಾಡಬೇಕು? ಪೋಸ್ಟ್ ಅಳಿಸಬೇಕು. ಅಳಿಸಿದರೂ ಹಳೇ ಚಿತ್ರ ಜನರ ಫೋನಿನಲ್ಲಿ ಉಳಿದಿರುತ್ತದೆ.

ಬದಲಾಗದ್ದು ಚಿತ್ರದ ಮೇಲೆ ಇರಲಿ: ಶುಕ್ರವಾರ 25 ರಜೆ, ಶನಿವಾರ 26 ಶುರು. ಬದಲಾಗಬಹುದಾದ್ದು ಬರಹದಲ್ಲಿ ಇರಲಿ: ಬಸ್ಸು, ಎಲೆ, ಯಾವ ಏರಿಯಾಗೆ ಯಾವಾಗ.

ಇನ್ನೊಂದು. ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಶನ್‌ನ ಮೊದಲ ಎರಡು ಸಾಲು ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ. ಆ ಎರಡು ಸಾಲನ್ನು 'ಆತ್ಮೀಯ ಗ್ರಾಹಕರ ಗಮನಕ್ಕೆ'ಗೋ ಬಪ್ಪಾ ಮೋರ್ಯಾಗೋ ಕೊಟ್ಟರೆ ತಾರೀಕು ಒಳಗೆ ಮುಚ್ಚಿಹೋಗುತ್ತದೆ. ಜೈಕಾರ ಕೊನೆಗೂ ಹಾಕಬಹುದಲ್ವಾ.

ಪುಣೆ ಪೋಸ್ಟರ್

ಒಪ್ಪಿದೆ. ಆದರೆ ಚಿತ್ರ ನಾನೇ ಮಾಡುತ್ತೇನೆ 😀

ವಾಸ್ಕೋ ಬಸ್ಸು

ನಾನು ಗೋವಾದಿಂದ ರೀ. ಡಿಸ್ಪ್ಯಾಚ್ ಅಣ್ಣಾರ, ನಮ್ಮ ಮನೆಗೆ ಬಾಗಲಕೋಟೆಯಿಂದ ಅವ್ವ ಶೇಂಗಾ ಹೋಳಿಗೆ ಕಳಿಸಿ ಒಂಬತ್ತು ದಿನ ಆಯಿತು. ಆ್ಯಪ್‌ನಲ್ಲಿ 'ಡಿಲೇಡ್' ಅಂತ ಒಂದೇ ಪದ. ನಂಬರ್ ಕೊಟ್ಟರೆ ನೋಡಿ ಹೇಳ್ತೀರಾ?

ಹಳೇ ಡಿಸ್ಪ್ಯಾಚ್

ನಾನು ರಿಟೈರ್ ಆಗಿ ನಾಲ್ಕು ವರ್ಷ ಆಯಿತಪ್ಪಾ. ಆದರೆ ನೀವು ಹೇಳಿದ್ದು ಇಲ್ಲಿಗೆ ಸರಿಯಾಗಿ ಕೂರುತ್ತದೆ. 'ಡಿಲೇಡ್' ಅಂತ ಓದಿ ನಿಮಗೆ ಏನು ತಿಳಿಯಿತು?

ವಾಸ್ಕೋ ಬಸ್ಸು

ಹೋಳಿಗೆ ಬಂದಿಲ್ಲ ಅಂತ. ಅದು ನನಗೆ ಮೊದಲೇ ಗೊತ್ತಿತ್ತು ರೀ.

ಹಳೇ ಡಿಸ್ಪ್ಯಾಚ್

ಅಷ್ಟೇ ನೋಡಿ. ಈಗ ಎಲ್ಲಿದೆ, ಮುಂದಿನ ಸುದ್ದಿ ಯಾವಾಗ, ಬೇಡವಾದರೆ ಏನು ಮಾಡಬೇಕು, ಈ ಮೂರರಲ್ಲಿ ಒಂದೂ ಇಲ್ಲ.

ಅಕ್ಕ, ನಿಮ್ಮ ಬಸ್ಸಿನ ವಿಷಯಕ್ಕೆ ಇದು ಬೇಕಾಗುತ್ತದೆ. ಬರುವ ಹೊತ್ತು ಗ್ಯಾರಂಟಿ ಗೊತ್ತಿಲ್ಲದಿದ್ದಾಗ ಹೊತ್ತು ಊಹಿಸಿ ಬರೆಯಬೇಡಿ. ಮತ್ತೆ ಯಾವಾಗ ಬರೆಯುತ್ತೀರಿ ಅನ್ನೋದಕ್ಕೆ ಮಾತು ಕೊಡಿ. "ಶನಿವಾರ ಬೆಳಗ್ಗೆ 11ಕ್ಕೆ ಇಲ್ಲೇ ಬರೆಯುತ್ತೇನೆ" ಅಂದರೆ 11ರ ತನಕ ಯಾರೂ ಫೋನ್ ಮಾಡುವುದಿಲ್ಲ. ಆದರೆ 11ಕ್ಕೆ ಸುದ್ದಿ ಇಲ್ಲದಿದ್ದರೂ "ಇನ್ನೂ ಸುದ್ದಿ ಇಲ್ಲ, 2 ಗಂಟೆಗೆ ಮತ್ತೆ ಹೇಳುತ್ತೇನೆ" ಅಂತ ಬರೆಯಲೇಬೇಕು. ಅದನ್ನು ತಪ್ಪಿಸಿದರೆ ಎಲ್ಲ ಕೆಟ್ಟಿತು.

ಮಾಟುಂಗಾ ಎಲೆಯಂಗಡಿ

ಇದು ನಿಜ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಹತ್ತಿರ ನೀರು ತುಂಬಿದರೆ ನನ್ನ ಸೈಕಲ್ ಹುಡುಗ ಈ ಕಡೆಯಿಂದ ಆ ಕಡೆಗೆ ಹೋಗಲು ಆಗುವುದಿಲ್ಲ. ಮೊದಲೆಲ್ಲ 'ಅರ್ಧ ಗಂಟೆ ತಡ' ಅನ್ನುತ್ತಿದ್ದೆ. ನೀರು ಇಳಿಯುವುದು ಸಮುದ್ರದ ಉಬ್ಬರದ ಮೇಲೆ, ನನ್ನ ಅರ್ಧ ಗಂಟೆಯ ಮೇಲೆ ಅಲ್ಲವಲ್ಲ. ಉಬ್ಬರ ಇದ್ದಾಗ ಮಳೆನೀರು ಸಮುದ್ರಕ್ಕೆ ಹೋಗುವುದೇ ಇಲ್ಲ. ಈಗ ಉಬ್ಬರದ ಹೊತ್ತು ನೋಡಿಕೊಂಡು, "ಸಂಜೆ 5ಕ್ಕೆ ಮತ್ತೆ ತಿಳಿಸುತ್ತೇನೆ" ಅಂತ ಬರೆಯುತ್ತೇನೆ. ಬೈಗುಳ ಕಡಿಮೆಯಾಗಿದೆ.

ಚೆಂಬೂರು ಕಡುಬು (ಭಾನುವಾರ, 20 ಸೆಪ್ಟೆಂಬರ್, ಮಧ್ಯಾಹ್ನ)

ಉಬ್ಬರ ಅಂದಿದ್ದಕ್ಕೆ ಹೋದ ವರ್ಷದ್ದು ಹೇಳಲೇಬೇಕು. ಹೋದ ವರ್ಷ ಚತುರ್ದಶಿ ಶನಿವಾರ ಇತ್ತು, ಸೆಪ್ಟೆಂಬರ್ 6. ನಾನು "ಭಾನುವಾರ ಬೆಳಗ್ಗೆ 8ರಿಂದ ಎಂದಿನಂತೆ" ಅಂತ ಹಾಕಿದ್ದೆ. ಲಾಲ್‌ಬಾಗ್‌ಚಾ ರಾಜಾ ಗಣಪತಿ ಮಾಮೂಲಾಗಿ ಭಾನುವಾರ ಬೆಳಗ್ಗೆಯೇ ನೀರಿಗೆ ಇಳಿಯಬೇಕಿತ್ತು. ಗಿರ್ಗಾಂವ್ ಚೌಪಾಟಿಗೆ ಬಂದಾಗ ಉಬ್ಬರ, ಮೂರ್ತಿ ಗಂಟೆಗಟ್ಟಲೆ ಅಲ್ಲೇ ನಿಂತಿತು. ಕೊನೆಗೆ ವಿಸರ್ಜನೆ ಆಗಿದ್ದು ಭಾನುವಾರ ರಾತ್ರಿ.

ನಮ್ಮ ಹುಡುಗ ಆರು ಕೆಜಿ ಹಿಟ್ಟು ಇಟ್ಟುಕೊಂಡು ಗಿರ್ಗಾಂವ್‌ನ ಒಂದು ಗಿರಾಕಿಯ ಮನೆಗೆ ಹೊರಟಿದ್ದ. ಬ್ಯಾರಿಕೇಡ್ ದಾಟಲು ಆಗಲೇ ಇಲ್ಲ. ಸೆಪ್ಟೆಂಬರ್ ಬಿಸಿಲು. ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎದ್ದು, ಚೀಲದಿಂದ ಅವನ ಪ್ಯಾಂಟಿಗೆ ಸೋರಿತ್ತು. ಮನೆಗೆ ಬಂದಾಗ ಅವನ ಮೈಯೆಲ್ಲ ಹುಳಿ ವಾಸನೆ. ಆ ಗಿರಾಕಿ ಮತ್ತೆ ಆರ್ಡರ್ ಕೊಟ್ಟಿಲ್ಲ.

ಹಳೇ ಡಿಸ್ಪ್ಯಾಚ್

ಈ ಅನುಭವವೇ ನಿಮ್ಮ ಕ್ಯಾಪ್ಶನ್‌ಗೆ ಬರಬೇಕು. 'ಎಂದಿನಂತೆ' ಅನ್ನೋ ಪದ ಎಲ್ಲ ಏರಿಯಾಗೂ ಒಂದೇ ಮಾತು ಕೊಟ್ಟುಬಿಡುತ್ತದೆ. ಚೆಂಬೂರು, ಘಾಟ್ಕೋಪರ್, ಸಾಯನ್, ಮಾಟುಂಗಾಕ್ಕೆ ಶನಿವಾರ ಮಧ್ಯಾಹ್ನದಿಂದ ಹೋಗಬಹುದು. ಪರೇಲ್, ಲಾಲ್‌ಬಾಗ್, ಗಿರ್ಗಾಂವ್‌ಗೆ ಭಾನುವಾರ ಅಂತ ಬೇರೆಯಾಗಿ ಬರೆಯಿರಿ. ಒಂದು ಸಾಲು ಜಾಸ್ತಿಯಾದರೂ ಪರವಾಗಿಲ್ಲ.

ಡೊಂಬಿವಲಿ ಲೆಕ್ಕಪತ್ರ

ಒಂದು ಎಚ್ಚರಿಕೆ. ಮಹಾರಾಷ್ಟ್ರದಲ್ಲಿ ಈಗ ಎಲ್ಲ ವ್ಯಾಪಾರಿಗಳೂ ಮರಾಠಿಯಲ್ಲೇ ಬರೆಯಬೇಕು ಅಂತ ಕಾನೂನಿದೆ. ಕನ್ನಡದಲ್ಲಿ ಮಾತ್ರ ನೋಟಿಸ್ ಹಾಕಿದರೆ ದಂಡ ಬೀಳಬಹುದು.

ಮಾಟುಂಗಾ ಎಲೆಯಂಗಡಿ

ಅದು ಅಂಗಡಿಯ ನಾಮಫಲಕಕ್ಕೆ ಸ್ವಾಮಿ. 2022ರಲ್ಲಿ ತಿದ್ದುಪಡಿ ತಂದು, ಹತ್ತು ಜನಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡ್ ಕಡ್ಡಾಯ ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳಲ್ಲಿ ಹಾಕಿ ಅಂದಿತು. ನಾನೂ ಆಗಲೇ ಬೋರ್ಡ್ ಬದಲಿಸಿದ್ದು. ವಾಟ್ಸಾಪ್ ಸ್ಟೇಟಸ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಡೊಂಬಿವಲಿ ಲೆಕ್ಕಪತ್ರ

ಹೌದಾ, ನಾಮಫಲಕಕ್ಕೆ ಮಾತ್ರವೇ. ಆದರೂ ಮರಾಠಿಯಲ್ಲಿ ಬರೆಯುವುದು ಒಳ್ಳೆಯದೇ.

ಚೆಂಬೂರು ಕಡುಬು

ನನ್ನ ಗಿರಾಕಿಗಳಲ್ಲಿ ಮೂರರಲ್ಲಿ ಒಂದು ಪಾಲು ಮರಾಠಿಯವರು. ಎರಡೂ ಭಾಷೆ ಒಂದೇ ಪೋಸ್ಟಿನಲ್ಲಿ ಹಾಕಲೋ, ಬೇರೆ ಬೇರೆಯೋ?

ಪುಣೆ ಪೋಸ್ಟರ್

ಒಂದರಲ್ಲೇ. ಮೇಲೆ ಮರಾಠಿ, ಕೆಳಗೆ ಕನ್ನಡ.

ಮಾಟುಂಗಾ ಎಲೆಯಂಗಡಿ

ನಾನು ಬೇರೆ ಬೇರೆ ಹಾಕುತ್ತೇನೆ. ಒಂದರಲ್ಲೇ ಹಾಕಿದರೆ ಕೆಳಗಿನ ಭಾಷೆಯವರು ಕೆಳಗಿನ ತನಕ ಬರುವುದೇ ಇಲ್ಲ.

ಹಳೇ ಡಿಸ್ಪ್ಯಾಚ್

ಈ ಜಗಳ ನಮ್ಮ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷವೂ ಇತ್ತು. ತೀರ್ಮಾನ ಆಗಲಿಲ್ಲ. ಆದರೆ ಅಂಕೆ ಮಾತ್ರ 25, 26 ಅಂತಲೇ ಬರೆಯಿರಿ, ಕನ್ನಡ ಅಂಕೆ ಬೇಡ. ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಅದನ್ನು ದೇವನಾಗರಿ ಅಂದುಕೊಂಡು ಓದುತ್ತಾರೆ. ಕೆಲವು ಅಂಕೆ ಒಂದೇ ಥರ ಕಾಣುತ್ತದೆ, ಕೆಲವು ಬೇರೆ. ನನ್ನ ಮೊಮ್ಮಗಳು ಕನ್ನಡದ ಆರನ್ನು ನೋಡಿ "ಇದೇನಜ್ಜ, ಇಂಗ್ಲಿಷ್ ಇ ತಿರುಗಿ ಬಿದ್ದಿದೆಯಾ" ಅಂದಳು.

ಘಾಟ್ಕೋಪರ್ ಮಾಮಿ

ನನಗೆ ವಾಟ್ಸಾಪ್ ನೋಡಲು ಬರುವುದಿಲ್ಲ, ಮೊಮ್ಮಗ ಓದಿ ಹೇಳುತ್ತಾನೆ, ಇಲ್ಲೂ ಅವನೇ ಟೈಪ್ ಮಾಡುತ್ತಿದ್ದಾನೆ. ನನ್ನಂಥವರಿಗೆ ಹೇಗೆ ತಿಳಿಸುತ್ತೀಯಾ ಮಗಾ?

ಹಳೇ ಡಿಸ್ಪ್ಯಾಚ್

ಮಾಮಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಅಂಥವರಿಗೆ ಎಸ್ಎಂಎಸ್. ಆದರೆ ಕನ್ನಡ ಎಸ್ಎಂಎಸ್‌ಗೆ ಜಾಗ ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರ ಅಲ್ಲ. 'ಶುಕ್ರವಾರ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಫೋನಿಗೆ ಎಂಟು. ಕೊಂಬು, ಒತ್ತು, ದೀರ್ಘ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. 'ಆತ್ಮೀಯ ಗ್ರಾಹಕರ ಗಮನಕ್ಕೆ' ಅಂತ ಶುರು ಮಾಡಿದರೆ ಮೂರರಲ್ಲಿ ಒಂದು ಪಾಲು ಅಲ್ಲೇ ಮುಗಿಯಿತು. "ಶುಕ್ರ 25 ರಜೆ. ಶನಿ 26 ಮಧ್ಯಾಹ್ನ 2ಕ್ಕೆ ಶುರು." ಇಷ್ಟು ಸಾಕು.

ಚೆಂಬೂರು ಕಡುಬು (ಭಾನುವಾರ, ರಾತ್ರಿ 10:15)

ಎಲ್ಲ ಓದಿ ಮತ್ತೆ ಬರೆದೆ. ನೋಡಿ:

> ಶುಕ್ರವಾರ, ಸೆಪ್ಟೆಂಬರ್ 25, ಅನಂತ ಚತುರ್ದಶಿ: ನಮ್ಮ ಅಡುಗೆಮನೆಗೆ ರಜೆ. ಶನಿವಾರ 26, ಮಧ್ಯಾಹ್ನ 2ರಿಂದ ಮತ್ತೆ ಶುರು.
>
> ಶುಕ್ರವಾರಕ್ಕೆ ಹಿಟ್ಟು ಬೇಕಿದ್ದವರು ಬುಧವಾರ 23, ರಾತ್ರಿ 8ರೊಳಗೆ ಹೇಳಿ. ಗುರುವಾರ 24, ಸಂಜೆ 7ರೊಳಗೆ ಮನೆಗೆ ಬರುತ್ತದೆ.
>
> ಪರೇಲ್, ಲಾಲ್‌ಬಾಗ್, ಗಿರ್ಗಾಂವ್ ಕಡೆಗೆ ಮಾತ್ರ ಭಾನುವಾರ 27ರಿಂದ.
>
> ಊರಿನ ಸೌತೆ, ಕೆಸುವಿನ ಎಲೆ, ಕುಚ್ಚಲಕ್ಕಿ ಈ ಬುಧವಾರ ಬರುವುದಿಲ್ಲ. ಬಸ್ಸು ಶನಿವಾರ ಬರುತ್ತದೆ. ಬಂತೋ ಇಲ್ಲವೋ ಅಂತ ಶನಿವಾರ ಬೆಳಗ್ಗೆ 11ಕ್ಕೆ ಇಲ್ಲೇ ಬರೆಯುತ್ತೇನೆ.
>
> ಅಷ್ಟು ದಿನ ಕಾಯಲು ಆಗದವರು 'ಬೇಡ' ಅಂತ ವಾಟ್ಸಾಪ್ ಮಾಡಿ. ಅದೇ ದಿನ ಹಣ ವಾಪಸ್.

ಕ್ಷಮೆ ಕೇಳಿಲ್ಲ. ಕೇಳಬೇಕಾ?

ಹಳೇ ಡಿಸ್ಪ್ಯಾಚ್

ರಜೆಗೆ ಕ್ಷಮೆ ಬೇಡ. ಹಬ್ಬಕ್ಕೆ ಮುಚ್ಚೋದು ತಪ್ಪಲ್ಲ. ಎಲೆ ತಡವಾಗಿದ್ದಕ್ಕೆ ಕೇಳಬಹುದು, ಒಂದೇ ಸಲ, ಆ ಸಾಲಿನ ಪಕ್ಕದಲ್ಲೇ. ಕೊನೆಗೆ 'ವಿಷಾದಿಸುತ್ತೇವೆ' ಅಂತ ಹಾಕಿದರೆ ಅದು ರೈಲ್ವೆ ಅನೌನ್ಸ್‌ಮೆಂಟ್ ಥರ ಕೇಳುತ್ತದೆ.

ಘಾಟ್ಕೋಪರ್ ಮಾಮಿ

ನನಗೆ ಒಪ್ಪಿಗೆಯಿಲ್ಲ. ಗಿರಾಕಿಗೆ ತೊಂದರೆ ಆದರೆ 'ಕ್ಷಮಿಸಿ' ಅಂದರೆ ನಮ್ಮ ಬಾಯೇನು ಸವೆಯುತ್ತದಾ?

ಚೆಂಬೂರು ಕಡುಬು

"ಎಲೆಗೆ ಕಾದವರು ದಯವಿಟ್ಟು ಕ್ಷಮಿಸಿ" ಅಂತ ಆ ಸಾಲಿಗೆ ಸೇರಿಸಿದೆ. ಮಾಮಿಗೂ ಅರ್ಧ, ಅಣ್ಣನಿಗೂ ಅರ್ಧ.

ಹಳೇ ಡಿಸ್ಪ್ಯಾಚ್

ಬರಹ ಚೆನ್ನಾಗಿದೆ. ಆದರೆ ಈಗಲೇ ಹಾಕಬೇಡಿ. ಮೊದಲು ಆ 14 ಮತ್ತು 11 ಜನಕ್ಕೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿ, ಹಣ ಕೊಟ್ಟವರಿಗೆ ಫೋನೇ ಮಾಡಿ. ಹಣ ಕೊಟ್ಟವನು ತನ್ನ ಆರ್ಡರ್ ತಪ್ಪಿತು ಅಂತ ಸ್ಟೇಟಸ್ ನೋಡಿ ತಿಳಿಯಬಾರದು. ಕ್ಯಾಪ್ಶನ್ ಇರೋದು ಇನ್ನೂ ಆರ್ಡರ್ ಕೊಡದವರಿಗೆ. ಆಮೇಲೆ ಹುಡುಗರಿಬ್ಬರಿಗೂ ಇದೇ ಬರಹ ಕಳಿಸಿ. ಬಾಗಿಲಲ್ಲಿ ಗಿರಾಕಿ ಕೇಳೋದು ಅವರನ್ನೇ. ಅವರು "ಗೊತ್ತಿಲ್ಲ ಆಂಟಿ" ಅಂದರೆ ನಿಮ್ಮ ಬರಹಕ್ಕೆ ಬೆಲೆ ಇಲ್ಲ. ಇದಾದ ಮೇಲೆ ಪೋಸ್ಟ್.

ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸುತ್ತೀರಾ?

ಚೆಂಬೂರು ಕಡುಬು

ಹೌದು, 180 ಜನ ಇದ್ದಾರೆ.

ಹಳೇ ಡಿಸ್ಪ್ಯಾಚ್

ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ. ಉಳಿದವರಿಗೆ ತಲುಪುವುದೇ ಇಲ್ಲ, ನಿಮಗೂ ಯಾರೂ ಹೇಳುವುದಿಲ್ಲ. ಮೆಸೇಜ್ ಮೇಲೆ ಬೆರಳು ಒತ್ತಿ ಹಿಡಿದು ವಿವರ ತೆಗೆದರೆ ಯಾರಿಗೆ ತಲುಪಿದೆ ಅಂತ ಕಾಣುತ್ತದೆ. ನೋಡಿ.

ಚೆಂಬೂರು ಕಡುಬು

ಈಗ ಹಳೇ ಮೆಸೇಜ್ ಒಂದನ್ನು ತೆಗೆದು ನೋಡಿದೆ. 180ರಲ್ಲಿ 112 ಜನಕ್ಕೆ ತಲುಪಿದೆ. ಅಂದರೆ ಹೋದ ವರ್ಷ ಸುಮಾರು ಜನ "ನಮಗೆ ಹೇಳಲೇ ಇಲ್ಲ" ಅಂದಿದ್ದು ನಿಜ. ನಾನು ಸುಮ್ನೆ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಮಾಟುಂಗಾ ಎಲೆಯಂಗಡಿ

ವಾಟ್ಸಾಪ್ ಬಿಸಿನೆಸ್‌ನಲ್ಲಿ `Away message` ಇದೆಯಲ್ಲ, ಅದಕ್ಕೂ ಮೊದಲೆರಡು ಸಾಲು ಹಾಕಿ. ಆದರೆ ಶುರುವಾಗುವ ದಿನ, ಮುಗಿಯುವ ದಿನ ಎರಡನ್ನೂ ಒಳಗೆ ತುಂಬಿ. ನಾನೊಮ್ಮೆ ಮುಗಿಯುವ ದಿನ ಹಾಕಲು ಮರೆತು ಚೌತಿಯ ರಜೆಯ ಉತ್ತರ ದೀಪಾವಳಿ ತನಕ ಹೋಗುತ್ತಿತ್ತು. ವ್ಯಾಪಾರ ಯಾಕೆ ಕಡಿಮೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೆಸರಿದ್ದರೆ ಅಲ್ಲೂ ಆ ಒಂದು ದಿನದ ಹೊತ್ತು ಬದಲಿಸಿ.

ಡೊಂಬಿವಲಿ ಲೆಕ್ಕಪತ್ರ

ಸರ್ಕಾರಿ ರಜೆ ನಂಬಿಕೊಂಡು ಬರೆಯುವವರಿಗೆ ಒಂದು ಮಾತು ಸೇರಿಸುತ್ತೇನೆ. ಈ ಸಲ ನಾನು ಸರಿಯಾಗಿಯೇ ಹೇಳುತ್ತಿದ್ದೇನೆ 🙂 ಹೋದ ವರ್ಷ ಈದ್ ರಜೆ ಸೆಪ್ಟೆಂಬರ್ 5, ಶುಕ್ರವಾರ ಇತ್ತು. ಮಾರನೇ ದಿನವೇ ವಿಸರ್ಜನೆ ಅಂತ ಮುಂಬೈ ನಗರ ಮತ್ತು ಉಪನಗರಕ್ಕೆ ಅದನ್ನು 8, ಸೋಮವಾರಕ್ಕೆ ಹಾಕಿದರು. ನಮ್ಮ ಡೊಂಬಿವಲಿ ಠಾಣೆ ಜಿಲ್ಲೆ, ನಮಗೆ 5ಕ್ಕೇ ರಜೆ. ನನ್ನ ಗಿರಾಕಿಯೊಬ್ಬರು ಎರಡು ಕಡೆ ಅಂಗಡಿ ಇಟ್ಟವರು, 'ಈದ್ ರಜೆ' ಅಂತ ಮಾತ್ರ ಬರೆದಿದ್ದರು. ಎರಡೂ ಕಡೆ ಗಿರಾಕಿ ಬಂದು ವಾಪಸ್ ಹೋದರು. ಹಬ್ಬದ ಹೆಸರು ಸಾಲದು, ತಾರೀಕು ಬೇಕು.

ಹಳೇ ಡಿಸ್ಪ್ಯಾಚ್

ಇದು ಪಕ್ಕಾ ಮಾತು.

ಚೆಂಬೂರು ಕಡುಬು (ಮಂಗಳವಾರ, 22 ಸೆಪ್ಟೆಂಬರ್, ಸಂಜೆ)

ನಿನ್ನೆ ಬೆಳಗ್ಗೆ ಎಲ್ಲರಿಗೂ ಫೋನ್ ಮಾಡಿ ಮುಗಿಸಿದೆ. 14ರಲ್ಲಿ 12 ಜನ ಗುರುವಾರಕ್ಕೇ ಒಪ್ಪಿದರು. ಇಬ್ಬರು ಬೇಡ ಅಂದರು, ಹಣ ಕಳಿಸಿದೆ. ಎಲೆಯವರಲ್ಲಿ ಒಬ್ಬರು ಮಾತ್ರ ಬೇಸರ ಮಾಡಿಕೊಂಡರು. ಅವರ ಮನೆಯಲ್ಲಿ ಬುಧವಾರವೇ ನೆಂಟರು. ಅವರಿಗೆ ಮಾಟುಂಗಾ ಅಣ್ಣನ ಅಂಗಡಿಗೆ ಹೋಗಿ ಅಂದೆ.

ಮಧ್ಯಾಹ್ನ ಪೋಸ್ಟ್ ಹಾಕಿದೆ. ನಿನ್ನೆಯಿಂದ ಇಲ್ಲಿಯ ತನಕ ಏಳು ಫೋನ್. ಹೋದ ವರ್ಷ ಲೆಕ್ಕ ಇಟ್ಟಿರಲಿಲ್ಲ, ಆದರೆ ಇದು ಏನೂ ಅಲ್ಲ.

ಹಳೇ ಡಿಸ್ಪ್ಯಾಚ್

ಏಳರಲ್ಲಿ ಏನು ಕೇಳಿದರು ಅಂತ ಬರೆದಿಟ್ಟಿರಾ? ಒಂದೇ ಪ್ರಶ್ನೆ ಎರಡು ಸಲಕ್ಕಿಂತ ಜಾಸ್ತಿ ಬಂದಿದ್ದರೆ ಅದು ನಿಮ್ಮ ಬರಹದಲ್ಲಿ ಇಲ್ಲ ಅಂತಲೇ ಅರ್ಥ.

ಚೆಂಬೂರು ಕಡುಬು

ಬರೆದಿದ್ದೇನೆ. ಇಬ್ಬರು ಸುಮ್ನೆ ಮಾತಾಡಲು. ಒಬ್ಬರು ಚಕ್ಕುಲಿ ಕೇಳಿದರು. ನಾಲ್ಕು ಜನ ಒಂದೇ ಕೇಳಿದ್ದು: "ಶನಿವಾರ ಕೊಟ್ಟೆ ಕಡುಬು ಇದೆಯಾ?"

ಹಣೆ ಚಚ್ಚಿಕೊಂಡೆ. ಹೆಸರೇ ಕಡುಬು, ಕಡುಬಿನ ವಿಷಯವೇ ಬರೆದಿಲ್ಲ. ಶನಿವಾರ ಕಡುಬು ಇರುವುದಿಲ್ಲ. ಹಲಸಿನ ಎಲೆ ಕೊಟ್ಟೆ ಕಟ್ಟಲು ಹಿಂದಿನ ದಿನವೇ ಕೂರಬೇಕು, ಹಿಂದಿನ ದಿನ ರಜೆ.

ಪುಣೆ ಪೋಸ್ಟರ್

ಕಮೆಂಟಿನಲ್ಲಿ ಹಾಕಿಬಿಡಿ ಅಕ್ಕ.

ಹಳೇ ಡಿಸ್ಪ್ಯಾಚ್

ಕಮೆಂಟಿನಲ್ಲಿ ಬೇಡ, ಯಾರೂ ಅಲ್ಲಿಗೆ ಇಳಿಯುವುದಿಲ್ಲ. ಕ್ಯಾಪ್ಶನ್ ತಿದ್ದಿ, ಮೊದಲ ಸಾಲಿನ ಕೆಳಗೇ ಸೇರಿಸಿ: "ಈ ಶನಿವಾರ 26 ಕೊಟ್ಟೆ ಕಡುಬು ಇಲ್ಲ. ಮುಂದಿನದು ಅಕ್ಟೋಬರ್ 3." ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಹದಿನೈದು ನಿಮಿಷ ಆದಮೇಲೆ ತಿದ್ದಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಈ ಒಂದು ಸಾಲನ್ನು ಬೇರೆಯಾಗಿ ಕಳಿಸಿ. ಪೂರ್ತಿ ಮತ್ತೆ ಕಳಿಸಬೇಡಿ. ಎರಡರಲ್ಲಿ ಯಾವುದು ಹೊಸದು ಅಂತ ಜನ ಹುಡುಕುತ್ತಾ ಕೂರುತ್ತಾರೆ.

ಚೆಂಬೂರು ಕಡುಬು

ತಿದ್ದಿದೆ. ಹೊಸ ಕ್ಯಾಲೆಂಡರ್ ಕೂಡ ತಂದೆ. ಹಾಲಿನ ಲೆಕ್ಕ ಇನ್ನೂ ಹಳೆಯದರ ಹಿಂದೆಯೇ ಇದೆ.

ವಾಸ್ಕೋ ಬಸ್ಸು

ನನ್ನ ಆ್ಯಪ್‌ನಲ್ಲಿ ಈಗ 'ಫರ್ದರ್ ಡಿಲೇಡ್' ಅಂತ ಬಂದಿದೆ ರೀ.